ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ!

ಕಳೆದ ಆಗಸ್ಟ್‌ನಲ್ಲಿ ಮಲೆನಾಡಿನ ವಿದ್ಯಾರ್ಥಿಯೊಬ್ಬ ತಂದೆಯ ಕ್ಯಾಮೆರಾ ತಂದು, 'ಸಾರ್, ಫೋಟೋಗಳೆಲ್ಲ ಮಬ್ಬಾಗಿ ಬರುತ್ತಿವೆ' ಎಂದ. ಲೆನ್ಸ್ ಕಳಚಿ, ಹಿಂದಿನಿಂದ ಟಾರ್ಚ್ ಹಾಯಿಸಿ ಓರೆಯಾಗಿ ನೋಡಿದೆ. ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು! ಧೂಳು ಚುಕ್ಕಿಯಾಗಿ ಕಾಣುತ್ತದೆ. ಕವಲೊಡೆದ ಎಳೆಗಳಿದ್ದರೆ ಅದು ಬೂಷ್ಟು.

'ಕ್ಯಾಮೆರಾ ಎಲ್ಲಿಡ್ತೀರಪ್ಪಾ?'

'ಚರ್ಮದ ಚೀಲದಲ್ಲಿ ಹಾಕಿ, ಬೀರುವಿನೊಳಗೆ, ಭದ್ರವಾಗಿ ಸಾರ್.'

ತಪ್ಪಿದ್ದು ಅಲ್ಲೇ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ಸಾಪೇಕ್ಷ ಆರ್ದ್ರತೆ ಶೇ. 70 ದಾಟಿ ಹಲವು ದಿನ ಹಾಗೇ ನಿಂತರೆ ಅವು ಮೊಳೆಯುತ್ತವೆ. ಅವು ಸ್ರವಿಸುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ.

ಇದಕ್ಕೆ ಮದ್ದು, ಗಾಳಿಯಾಡದ 10 ಲೀಟರ್ ಡಬ್ಬಿ, 100 ಗ್ರಾಂ ಸಿಲಿಕಾ ಜೆಲ್ ಮತ್ತು ಪುಟ್ಟ ಆರ್ದ್ರತಾಮಾಪಕ. ಲೆಕ್ಕ ನೋಡಿ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು 23 ಗ್ರಾಂ. ಅಂದರೆ ನಮ್ಮ ಡಬ್ಬಿಯಲ್ಲಿ ಕಾಲು ಗ್ರಾಂಗಿಂತ ಕಡಿಮೆ. ಜೆಲ್ ಅದನ್ನು ಸುಲಭವಾಗಿ ಹೀರುತ್ತದೆ. ಆದರೆ ಚರ್ಮದ ಚೀಲ ಹಲವು ಗ್ರಾಂ ನೀರು ಕುಡಿದು ಕುಳಿತಿರುತ್ತದೆ! ಆದ್ದರಿಂದ ಚೀಲ ಹೊರಗೇ ಇರಲಿ, ಕ್ಯಾಮೆರಾ ಮಾತ್ರ ಒಳಗೆ.

ಮಾಪಕ 40ರಿಂದ 50 ತೋರಿಸಿದರೆ ಸರಿ. 60 ದಾಟಿದರೆ ಜೆಲ್ ದಣಿದಿದೆ ಎಂದರ್ಥ. ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ಆರಿಸಿ ಮತ್ತೆ ಬಳಸಿ. 30ಕ್ಕಿಂತ ಇಳಿದರೆ ಸ್ವಲ್ಪ ಜೆಲ್ ತೆಗೆಯಿರಿ; ಅತಿ ಒಣಗಿದರೆ ಕ್ಯಾಮೆರಾದ ರಬ್ಬರ್ ಭಾಗಗಳಿಗೆ ಒಳ್ಳೆಯದಲ್ಲ.

ಆ ಹುಡುಗನ ಲೆನ್ಸನ್ನು ರಿಪೇರಿಯವರು ಬಿಚ್ಚಿ ತೊಳೆದುಕೊಟ್ಟರು. ಎಳೆಗಳು ಹೋದವು, ಆಮ್ಲ ಕೊರೆದ ಗುರುತು ಉಳಿಯಿತು. ಬೆಳಕಿಗೆ ಎದುರಾಗಿ ತೆಗೆದ ಚಿತ್ರ ಈಗಲೂ ಮಂಜು ಮಂಜೇ.