ಒಂದು ನಿಮಿಷದ ಆನಾಪಾನಸತಿ

ಬೌದ್ಧರ ಉಸಿರಿನ ಧ್ಯಾನಕ್ಕೆ ಆಧಾರ ಪಾಳಿಯ ಆನಾಪಾನಸತಿ ಸುತ್ತ. ಅದರ 16 ಹಂತಗಳನ್ನೂ ಒಂದು ನಿಮಿಷದ ವೀಡಿಯೊಗೆ ತುರುಕಿದರೆ ಕೆಟ್ಟಂತೆಯೇ. ಮೊದಲ ಎರಡೇ ಸಾಕು: ಉದ್ದದ ಉಸಿರನ್ನು ಉದ್ದವೆಂದು, ಗಿಡ್ಡ ಉಸಿರನ್ನು ಗಿಡ್ಡವೆಂದು ಅರಿಯುವುದು.

ಸುಮ್ಮನೆ ಕುಳಿತ ವಯಸ್ಕರು ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾರೆ. ಒಂದು ಉಸಿರಿಗೆ 4 ಸೆಕೆಂಡು ಎಂದಿಟ್ಟುಕೊಳ್ಳಿ. ನಿರೂಪಕಿ ಮೆಲುದನಿಯಲ್ಲಿ, ‘ಮೂಗಿನ ತುದಿಗೆ ಗಾಳಿ ತಾಗುವುದನ್ನು ಗಮನಿಸಿ’ ಎಂದು ಹೇಳಿ 12 ಸೆಕೆಂಡು ಸುಮ್ಮನಾದರೆ ಕೇಳುವವರಿಗೆ ಮೂರು ಉಸಿರಿನಷ್ಟು ಬಿಡುವು ಸಿಗುತ್ತದೆ. ಇಂಥ ಮೂರು ಮಾತು, ಮೂರು ಮೌನಕ್ಕೆ ನಿಮಿಷ ಹೆಚ್ಚುಕಡಿಮೆ ತುಂಬಿಬಿಡುತ್ತದೆ.

ಹಲವರು ಎಡವುವುದು ‘ಈಗ ಎಳೆದುಕೊಳ್ಳಿ, ಈಗ ಬಿಡಿ’ ಎಂಬ ಅಪ್ಪಣೆಯಲ್ಲಿ. ಅದು ಪ್ರಾಣಾಯಾಮದತ್ತ ಹೊರಳುತ್ತದೆ. ಇಲ್ಲಿ ಉಸಿರನ್ನು ನಡೆಸುವುದಿಲ್ಲ, ಅದರ ಹಿಂದೆ ಹೋಗುತ್ತೇವೆ. ಹಿಗ್ಗಿ ಕುಗ್ಗುವ ವೃತ್ತದ ಚಿತ್ರವೂ ಇದೇ ಎಡವಟ್ಟು ಮಾಡಿಸುತ್ತದೆ. ಅದರ ತಾಳಕ್ಕೆ ಉಸಿರನ್ನು ಎಳೆದೆಳೆದು ಹೊಂದಿಸಲು ಹೋದವರಿಗೆ ಎದೆ ಬಿಗಿಯಬಹುದು, ತಲೆ ಹಗುರಾದಂತೆ ಅನ್ನಿಸಬಹುದು. ಬದಲಿಗೆ ಕೆರೆಯ ನೀರಿನ ಒಂದೇ ಶಾಟ್ ಸಾಕು. (ಕಣ್ಣು ಮುಚ್ಚುವವರಿಗೆ ಅದೂ ಬೇಡ!) ಆದರೆ ಕೊನೆಗೊಂದು ಗಂಟೆಯ ನಾದ ಇರಲಿ. ಶಾರ್ಟ್ಸ್ ತಾನಾಗಿ ಮತ್ತೆ ಶುರುವಾಗುವುದರಿಂದ, ಕಣ್ಣು ಮುಚ್ಚಿ ಕುಳಿತವರಿಗೆ ಒಂದು ಸುತ್ತು ಮುಗಿದದ್ದು ತಿಳಿಯುವುದು ಅದರಿಂದಲೇ.