ಕಾರ್ಟ್‌ನಲ್ಲೇ ಉಳಿದ ಪರದೆಗಳು: ನೆನಪಿಸುವ ಇಮೇಲ್ ಯಾವಾಗ ಹೋಗಬೇಕು?

ಆನ್‌ಲೈನ್ ಅಂಗಡಿಯಲ್ಲಿ ಸಾಮಾನು ಆರಿಸಿ ಕಾರ್ಟ್‌ಗೆ ಹಾಕಿದ ಗ್ರಾಹಕರು ಹಣ ಕಟ್ಟದೆ ಹೊರಟುಹೋದರೆ, ಸ್ವಲ್ಪ ಹೊತ್ತಿನ ಮೇಲೆ ಅಂಗಡಿಯಿಂದ ಅವರಿಗೆ ತಾನಾಗಿಯೇ ಒಂದು ಇಮೇಲ್ ಹೋಗುತ್ತದೆ. ವ್ಯಾಪಾರಿಗಳ ಮಾತಿನಲ್ಲಿ ಇದು ಕಾರ್ಟ್ ರಿಮೈಂಡರ್. ಅರ್ಧಕ್ಕೆ ಬಿಟ್ಟುಹೋಗುವವರೇನೂ ಕಡಿಮೆಯಿಲ್ಲ. ಡೆನ್ಮಾರ್ಕಿನ ಬೇಮಾರ್ಡ್ ಸಂಸ್ಥೆ ಹಲವು ಅಧ್ಯಯನಗಳಿಂದ ತೆಗೆದ ಸರಾಸರಿಯಂತೆ, ನೂರು ಕಾರ್ಟ್‌ಗಳಲ್ಲಿ ಸುಮಾರು 70 ಆರ್ಡರ್ ಆಗುವುದೇ ಇಲ್ಲ. ಇವರೆಲ್ಲರಿಗೂ ಇಮೇಲ್ ಕಳಿಸಲು ಬರುವುದಿಲ್ಲ. ಲಾಗಿನ್ ಆದವರ, ಇಲ್ಲವೇ ಚೆಕ್‌ಔಟ್ ಪುಟದಲ್ಲಿ ವಿಳಾಸ ತುಂಬಿದವರ ಗುರುತು ಮಾತ್ರ ಅಂಗಡಿಗೆ ಸಿಗುತ್ತದೆ.

ಮನೆ ಅಲಂಕಾರದ ಅಂಗಡಿಗೆ ಬೇರೆ ಅಂಗಡಿಗಳ ಸಮಯಪಟ್ಟಿ ಹೊಂದುವುದಿಲ್ಲ. ಮೊಬೈಲ್ ಚಾರ್ಜರ್ ಕೊಳ್ಳುವವರಿಗೆ ಯೋಚಿಸಲು ಹೆಚ್ಚೇನೂ ಇರುವುದಿಲ್ಲ. ಒಂದೆರಡು ಗಂಟೆಯಲ್ಲಿ ನೆನಪಿಸಿದರೆ ನಡೆದೀತು. ಪರದೆ, ಕಾರ್ಪೆಟ್, ತೂಗುದೀಪ ಕೊಳ್ಳುವವರು ನಿಲ್ಲುವುದು ಮರೆತದ್ದರಿಂದಲ್ಲ. ಅಳತೆ ತೆಗೆದುಕೊಂಡಿರುವುದಿಲ್ಲ, ಫೋಟೋದ ಬಣ್ಣ ಗೋಡೆಗೆ ಒಪ್ಪುತ್ತದೋ ಇಲ್ಲವೋ ತಿಳಿಯುವುದಿಲ್ಲ, ಮನೆಯವರನ್ನು ಇನ್ನೂ ಕೇಳಿರುವುದಿಲ್ಲ. ಈ ಮೂರಕ್ಕೂ ಸಮಯ ಬೇಕು. ಆದ್ದರಿಂದ ಇಲ್ಲಿ ಇಮೇಲ್ ಅವಸರಪಡಿಸಬಾರದು, ನಿರ್ಧಾರಕ್ಕೆ ನೆರವಾಗಬೇಕು.

ಒಂದು ಉದಾಹರಣೆ ನೋಡಬಹುದು. ಮಂಗಳವಾರ ರಾತ್ರಿ ಹತ್ತೂವರೆಗೆ ಗ್ರಾಹಕಿಯೊಬ್ಬರು ಮೊಬೈಲ್‌ನಲ್ಲಿ ಕಿಟಕಿಗೆ 5 ಅಡಿಯ ನಾಲ್ಕು ಪರದೆ, ಬಾಗಿಲಿಗೆ 7 ಅಡಿಯ ಎರಡು ಪರದೆ ಆರಿಸಿ, ಚೆಕ್‌ಔಟ್‌ನಲ್ಲಿ ನಿಲ್ಲಿಸುತ್ತಾರೆ ಎಂದುಕೊಳ್ಳೋಣ. ನಾಲ್ಕು ಗಂಟೆ ಬಿಟ್ಟು ಕಳಿಸುವಂತೆ ಹೊಂದಿಸಿದ ಇಮೇಲ್ ಅವರನ್ನು ತಲುಪುವುದು ನಡುರಾತ್ರಿ ಎರಡೂವರೆಗೆ. ಬೆಳಗಾಗುವಷ್ಟರಲ್ಲಿ ಅದರ ಮೇಲೆ ಹತ್ತಾರು ಇಮೇಲ್ ಬಿದ್ದಿರುತ್ತವೆ. ರಾತ್ರಿಯ ಹೊತ್ತು ಕಳಿಸದಂತೆ ತಡೆ ಹಾಕಿ, ಬುಧವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಹೋಗುವಂತೆ ಮಾಡುವುದು ಮೇಲು. ಈ ಮೊದಲ ಇಮೇಲ್‌ನಲ್ಲಿ ಪರದೆಯ ಚಿತ್ರ, ಅಳತೆ, ಬಣ್ಣ, ಸಾಗಣೆ ಸೇರಿದ ಒಟ್ಟು ಬೆಲೆ, ಮತ್ತು ಲ್ಯಾಪ್‌ಟಾಪ್‌ನಲ್ಲಿ ತೆರೆದರೂ ಅದೇ ಕಾರ್ಟ್ ತೋರಿಸುವ ಲಿಂಕ್ ಇದ್ದರೆ ಸಾಕು.

ಎರಡನೆಯದು ಗುರುವಾರ ಸಂಜೆ. ಇದರಲ್ಲಿ ಅವರನ್ನು ತಡೆದಿರಬಹುದಾದ ಪ್ರಶ್ನೆಗೆ ಉತ್ತರವಿರಬೇಕು: ಪರದೆಯ ಉದ್ದವನ್ನು ಕಿಟಕಿಯ ಚೌಕಟ್ಟಿನಿಂದಲ್ಲ, ಅದರ ಮೇಲಿರುವ ರಾಡ್‌ನಿಂದ ಅಳೆಯಬೇಕು, ಬಟ್ಟೆಯ ಮಾದರಿ ತುಂಡು ತರಿಸಿಕೊಳ್ಳುವುದು ಹೇಗೆ, ಅಳತೆ ತಪ್ಪಿದರೆ ವಾಪಸಾತಿಯ ನಿಯಮವೇನು. ಕೊನೆಯದು ಶನಿವಾರ ಬೆಳಿಗ್ಗೆ, ಮನೆಮಂದಿಯೆಲ್ಲ ಇರುವಾಗ, ಟೇಪ್ ಹಿಡಿಯಲು ಇನ್ನೊಂದು ಕೈ ಸಿಗುವಾಗ. ಅಲ್ಲಿಗೆ ನಿಲ್ಲಿಸಬೇಕು. ನಾಲ್ಕನೆಯದು, ಐದನೆಯದು ಬಂದರೆ ಓದುಗರು ಅದನ್ನು ಸ್ಪ್ಯಾಮ್ ಎಂದು ಗುರುತಿಸುತ್ತಾರೆ. ಅಂಥ ದೂರು ಹೆಚ್ಚಿದರೆ ಅಂಗಡಿಯ ಬಿಲ್ ಕೂಡ ಸ್ಪ್ಯಾಮ್ ಫೋಲ್ಡರ್‌ಗೆ ಬೀಳತೊಡಗುತ್ತದೆ.

ಯುಪಿಐ ಅಥವಾ ಕಾರ್ಡ್ ಪಾವತಿ ವಿಫಲವಾಗಿ ನಿಂತವರ ವಿಷಯ ಬೇರೆ. ಅವರು ಕೊಳ್ಳಲು ಆಗಲೇ ನಿರ್ಧರಿಸಿದ್ದಾರೆ. ಅವರಿಗೆ ಅರ್ಧ ಗಂಟೆಯೊಳಗೇ, ಪಾವತಿ ಪೂರ್ಣಗೊಂಡಿಲ್ಲವೆಂದು ತಿಳಿಸಿ ಮತ್ತೆ ಕಟ್ಟುವ ದಾರಿ ತೋರಿಸುವ ಪ್ರತ್ಯೇಕ ಇಮೇಲ್ ಬೇಕು.

ಹೆಚ್ಚು ಮುಜುಗರ ತರುವ ಎಡವಟ್ಟೆಂದರೆ ಕೊಂಡವರಿಗೇ ನೆನಪಿನ ಓಲೆ ಹೋಗುವುದು. ಗ್ರಾಹಕಿ ಅಂಗಡಿಗೆ ಫೋನ್ ಮಾಡಿ ಆರ್ಡರ್ ಕೊಟ್ಟಿರುತ್ತಾರೆ, ಇಲ್ಲವೇ ಇನ್ನೊಂದು ಇಮೇಲ್ ವಿಳಾಸದಿಂದ ಕೊಂಡಿರುತ್ತಾರೆ. ಎರಡೂ ಒಬ್ಬರೇ ಎಂಬುದು ವ್ಯವಸ್ಥೆಗೆ ತಿಳಿಯುವುದಿಲ್ಲ. ಪ್ರತಿ ಇಮೇಲ್ ಹೊರಡುವ ಮುನ್ನ ಮೊಬೈಲ್ ಸಂಖ್ಯೆಯಿಂದಲೂ ಆರ್ಡರ್ ಹುಡುಕುವ, ದಾಸ್ತಾನು ಮುಗಿದಿದೆಯೇ ಎಂದು ನೋಡುವ ಷರತ್ತು ಹಾಕಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ.

ರಿಯಾಯಿತಿಯನ್ನು ಮೊದಲ ಇಮೇಲ್‌ನಲ್ಲೇ ಕೊಡುವುದು ನಷ್ಟದ ದಾರಿ. ಪೂರ್ತಿ ಬೆಲೆಗೆ ಕೊಳ್ಳಲಿದ್ದವರಿಗೂ ಅದು ಹೋಗುತ್ತದೆ. ಮುಂದಿನ ಸಲ ಅವರು ಕೂಪನ್‌ಗಾಗಿಯೇ ಕಾರ್ಟ್ ಬಿಟ್ಟು ಕಾಯುತ್ತಾರೆ.

ಇಮೇಲ್ ಕೆಲಸ ಮಾಡಿತೇ ಎಂಬುದನ್ನು ಎಷ್ಟು ಜನ ತೆರೆದರು ಎಂಬುದರಿಂದ ಅಳೆಯಲಾಗದು. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುವ ಗೌಪ್ಯತೆಯ ಸೌಲಭ್ಯ ತಂದ ಮೇಲೆ, ತೆರೆಯದ ಇಮೇಲ್ ಕೂಡ ತೆರೆದಂತೆ ದಾಖಲಾಗಬಹುದು. ನಂಬಬಹುದಾದ ದಾರಿ ಬೇರೆಯಿದೆ. ಕಾರ್ಟ್ ಬಿಟ್ಟ ಸಾವಿರ ಜನರಲ್ಲಿ ಚೀಟಿ ಎತ್ತಿದಂತೆ ಐನೂರು ಜನಕ್ಕೆ ಮಾತ್ರ ಇಮೇಲ್ ಕಳಿಸಿ, ಎರಡು ವಾರ ಕಾದು ನೋಡುವುದು. ಇಮೇಲ್ ಹೋದವರಲ್ಲಿ 40 ಜನ, ಹೋಗದವರಲ್ಲಿ 25 ಜನ ಕೊಂಡರೆ, ಇಮೇಲ್‌ನಿಂದ ಬಂದ ಆರ್ಡರ್ ಸುಮಾರು 15. ಉಳಿದ 25 ಜನ ಹೇಗೂ ಬರುವವರೇ. ಎರಡು ವಾರ ಯಾಕೆಂದರೆ ಪರದೆಯ ತೀರ್ಮಾನ ಎರಡು ದಿನದಲ್ಲಿ ಮುಗಿಯುವುದಿಲ್ಲ.