ಟೊಮೆಟೊ ಬಾಕ್ಸಿನ ಲೆಕ್ಕ: ಕೋಲಾರದಿಂದ ತಳ್ಳುಗಾಡಿಯವರೆಗೆ

ಗ್ರಾಹಕ ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸಿಗುವುದು ಸುಮಾರು 33 ಪೈಸೆ. 2024ರಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಅಧ್ಯಯನ ಪ್ರಬಂಧವೊಂದು ಕೊಟ್ಟ ಅಂದಾಜು ಇದು. ಈರುಳ್ಳಿಗೆ 36 ಪೈಸೆ, ಆಲೂಗಡ್ಡೆಗೆ 37 ಪೈಸೆ ಎಂದು ಅದೇ ಪ್ರಬಂಧ ಹೇಳಿತ್ತು. ಸುದ್ದಿ ಓದಿದವರೆಲ್ಲ ಉಳಿದ 67 ಪೈಸೆ ದಲ್ಲಾಳಿಗಳ ಜೇಬು ಸೇರಿತು ಎಂದುಕೊಂಡರು. ಅದು ನಿಜವೇ ಎಂದು ತಿಳಿಯಬೇಕಾದರೆ ಒಂದೇ ಒಂದು ಬಾಕ್ಸ್ ಟೊಮೆಟೊವನ್ನು ಹಿಂಬಾಲಿಸಿ ಹೋಗಿ ಲೆಕ್ಕ ಹಾಕಿ ನೋಡಬೇಕು.

ಅದಕ್ಕೆ ಕೋಲಾರಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿನ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು. ರೈತ 15 ಕೆ.ಜಿ. ಹಿಡಿಯುವ ಪ್ಲಾಸ್ಟಿಕ್ ಬಾಕ್ಸುಗಳಲ್ಲಿ ಹಣ್ಣು ತುಂಬಿಸಿ ತನಗೆ ಗೊತ್ತಿರುವ ಮಂಡಿಗೆ ತರುತ್ತಾನೆ. ಮಂಡಿಯವರು ಹರಾಜು ಕೂಗುತ್ತಾರೆ, ವ್ಯಾಪಾರಿಗಳು ಬಾಕ್ಸಿನ ಲೆಕ್ಕದಲ್ಲಿ ಬೆಲೆ ಏರಿಸುತ್ತಾರೆ. ಕೊಂಡ ಮಾಲು ಲಾರಿ ಹತ್ತಿ ಬೇರೆ ಊರಿಗೆ, ಬೇರೆ ರಾಜ್ಯಕ್ಕೆ ಹೊರಡುತ್ತದೆ. ಬೆಂಗಳೂರಿನ ದಾರಿ ಹಿಡಿದ ಮಾಲು ಸಗಟು ಮಾರುಕಟ್ಟೆ ತಲುಪಿ, ಅಲ್ಲಿಂದ ತಳ್ಳುಗಾಡಿಯವರ, ತರಕಾರಿ ಅಂಗಡಿಯವರ ಕೈಗೆ ಬರುತ್ತದೆ. ರೈತ, ಮಂಡಿ, ಸಗಟು ವ್ಯಾಪಾರಿ, ಚಿಲ್ಲರೆ ವ್ಯಾಪಾರಿ, ಗ್ರಾಹಕ: ಹೀಗೆ ಮಾಲು ಕೈ ಬದಲಿಸುತ್ತಾ ಹೋಗುವ ಈ ದಾರಿಗೆ ಮಾರಾಟ ಮಾರ್ಗ ಎನ್ನುತ್ತಾರೆ. ಗ್ರಾಹಕ ಕೊಟ್ಟ ಬೆಲೆಗೂ ರೈತನಿಗೆ ಖರ್ಚು ಕಳೆದು ಉಳಿದ ಬೆಲೆಗೂ ಇರುವ ವ್ಯತ್ಯಾಸವೇ ಬೆಲೆ ಅಂತರ, ಅಂದರೆ ಪ್ರೈಸ್ ಸ್ಪ್ರೆಡ್.

ಲೆಕ್ಕಕ್ಕೆ ಕೂರೋಣ. ಮುಂದಿನ ಅಂಕಿಗಳು ಉದಾಹರಣೆಗಾಗಿ ತೆಗೆದುಕೊಂಡವು, ಯಾವುದೋ ಒಂದು ದಿನದ ದರಪಟ್ಟಿಯಲ್ಲ. ಹರಾಜಿನಲ್ಲಿ ಬಾಕ್ಸ್ 300 ರೂಪಾಯಿಗೆ ಹೋಯಿತು ಎಂದುಕೊಳ್ಳಿ, ಅಂದರೆ ಕೆ.ಜಿ.ಗೆ 20 ರೂಪಾಯಿ. ಹೊಲದಿಂದ ಮಂಡಿಗೆ ಸಾಗಿಸಲು 18, ಹಮಾಲಿ ಮತ್ತು ಬಾಕ್ಸ್ ಬಾಡಿಗೆಗೆ 7, ಶೇ 10ರ ಕಮಿಷನ್ 30, ಒಟ್ಟು 55 ರೂಪಾಯಿ ರೈತನಿಂದ ಹೋಯಿತು. ಅವನ ಕೈಯಲ್ಲಿ ಉಳಿದದ್ದು 245. ಕಮಿಷನ್ನನ್ನು ಕೊಳ್ಳುವವರಿಂದ ಪಡೆಯಬೇಕೇ ಹೊರತು ರೈತನಿಂದ ಮುರಿದುಕೊಳ್ಳಬಾರದು ಎಂಬುದು ನಿಯಮ. ಆದರೂ ಬಿಳಿ ಚೀಟಿಯಲ್ಲಿ ಮುರಿದುಕೊಳ್ಳುವುದು ರಾಜ್ಯದ ರೈತರ ಹಳೆಯ ದೂರು. ಹಾಗಾಗಿ ಅಧ್ಯಯನ ಮಾಡುವ ವಿದ್ಯಾರ್ಥಿ ಹರಾಜಿನ ಬೆಲೆ ಬರೆದುಕೊಂಡು ಬಂದರೆ ಸಾಲದು, ರೈತನ ಕೈಗೆ ಸಿಕ್ಕ ಚೀಟಿಯನ್ನೇ ನೋಡಬೇಕು.

ಸಗಟು ವ್ಯಾಪಾರಿ 300 ಕೊಟ್ಟು ಕೊಂಡ. ಲಾರಿ ಬಾಡಿಗೆ, ಹತ್ತಿಸಿ ಇಳಿಸುವ ಕೂಲಿ, ವಿಂಗಡಣೆ ಸೇರಿ 30 ಖರ್ಚಾಯಿತು. ದಾರಿಯಲ್ಲಿ ಅರ್ಧ ಕೆ.ಜಿ. ಜಜ್ಜಿಹೋಯಿತು. ಉಳಿದ ಹದಿನಾಲ್ಕೂವರೆ ಕೆ.ಜಿ.ಯನ್ನು 26ರ ದರದಲ್ಲಿ ಮಾರಿ 377 ಪಡೆದ. ಅವನಿಗೆ ದಕ್ಕಿದ್ದು 47 ರೂಪಾಯಿ.

ಇನ್ನು ತಳ್ಳುಗಾಡಿ. 377ಕ್ಕೆ ಕೊಂಡ ಮಾಲಿಗೆ ಆಟೊ, ಕವರು ಇತ್ಯಾದಿ 25 ಸೇರಿತು. ಗಿರಾಕಿಗಳು ಒಂದೊಂದೇ ಹಣ್ಣನ್ನು ಒತ್ತಿ ನೋಡಿ ಆರಿಸುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾದದ್ದು ಬೇರೆ. ಸಂಜೆಯ ಹೊತ್ತಿಗೆ ಒಂದೂವರೆ ಕೆ.ಜಿ. ಮಾರಲಾಗದೆ ಉಳಿಯಿತು. ಮಾರಿದ್ದು 13 ಕೆ.ಜಿ., ಕೆ.ಜಿ.ಗೆ 40 ರೂಪಾಯಿಯಂತೆ ಬಂದದ್ದು 520. ಖರೀದಿ, ಖರ್ಚು ಕಳೆದರೆ 118 ರೂಪಾಯಿ. ಬೆಳಗಿನ ಜಾವದಿಂದ ರಾತ್ರಿಯವರೆಗಿನ ಅವನ ದುಡಿಮೆಯ ಕೂಲಿಯೂ ಇದರೊಳಗೇ ಸೇರಿದೆ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಇಲ್ಲಿ. ಕೆ.ಜಿ.ಗೆ 40 ರೂಪಾಯಿ, 15 ಕೆ.ಜಿ.ಗೆ 600 ಎಂದು ಬರೆಯುತ್ತಾರೆ. ಅದೇ ರೀತಿ ಹಿಂದಕ್ಕೆ ಹೋಗಿ ಸಗಟು ವ್ಯಾಪಾರಿಯ ಮಾರಾಟ 390 ಎನ್ನುತ್ತಾರೆ. ಆಗ ಸಗಟಿನವನ ಲಾಭ 60, ಚಿಲ್ಲರೆಯವನದು 185 ಎಂದು ಬರುತ್ತದೆ. ನಿಜವಾಗಿ ದಕ್ಕಿದ 47 ಮತ್ತು 118ಕ್ಕಿಂತ ಇದು ಒಟ್ಟು 80 ರೂಪಾಯಿ ಹೆಚ್ಚು. ಆ 80 ರೂಪಾಯಿ ಯಾರ ಜೇಬನ್ನೂ ಸೇರಲಿಲ್ಲ. ಹಾಳಾದ ಎರಡು ಕೆ.ಜಿ. ಟೊಮೆಟೊದ ಬೆಲೆ ಅದು. ಕೊಳೆತದ್ದನ್ನು ಲಾಭ ಎಂದು ಬರೆದರೆ ವ್ಯಾಪಾರಿ ಕಳ್ಳನಾಗಿ ಕಾಣುತ್ತಾನೆ, ನಿಜವಾದ ಸೋರಿಕೆ ಕಣ್ಣಿಗೆ ಬೀಳುವುದೇ ಇಲ್ಲ.

ಸರಿಯಾದ ಲೆಕ್ಕದಲ್ಲಿ ನಷ್ಟಕ್ಕೆ ಅದರದೇ ಸಾಲು ಇರುತ್ತದೆ:

ಬೆಲೆ ಅಂತರ = ಮಾರಾಟ ವೆಚ್ಚ + ವ್ಯಾಪಾರಿಗಳ ಲಾಭ + ಹಾಳಾದ ಮಾಲಿನ ಬೆಲೆ
355 = 110 + 165 + 80

600ರಲ್ಲಿ ರೈತನ 245 ಎಂದರೆ ಸುಮಾರು ಶೇ 41. ವೆಚ್ಚ ಶೇ 18, ಲಾಭ ಶೇ 28, ನಷ್ಟ ಶೇ 13. ಮಂಡಿಯ ಕಮಿಷನ್ 30 ರೂಪಾಯಿ ಈ 110ರ ವೆಚ್ಚದಲ್ಲೇ ಇದೆ. ಮಂಡಿಯವನಿಗೆ ಅದು ಆದಾಯ ಎಂದು ಲಾಭದ ಸಾಲಿಗೂ ಸೇರಿಸಿದರೆ ಒಂದೇ ಹಣವನ್ನು ಎರಡು ಸಲ ಎಣಿಸಿದಂತಾಗುತ್ತದೆ.

ದಿನದ ವಿಷಯದಲ್ಲೂ ಎಚ್ಚರ ಬೇಕು. ಇಂದು ಹರಾಜಾದ ಹಣ್ಣು ಗ್ರಾಹಕನ ಚೀಲ ಸೇರುವುದು ನಾಳೆ ಅಥವಾ ನಾಳಿದ್ದು. ಬೆಲೆ ದಿಢೀರನೆ ಏರಿಳಿಯುವ ವಾರದಲ್ಲಿ ಕೋಲಾರದ ಇಂದಿನ ದರವನ್ನೂ ಬೆಂಗಳೂರಿನ ಇಂದಿನ ದರವನ್ನೂ ಪಕ್ಕಪಕ್ಕ ಇಟ್ಟು ಕಳೆದರೆ ಬರುವ ಉತ್ತರ ಸುಳ್ಳು. ಸಾಧ್ಯವಿದ್ದಷ್ಟು ಒಂದೇ ಮಾಲನ್ನು, ಒಂದೇ ಗುಣಮಟ್ಟದ್ದನ್ನು ಕೊನೆಯವರೆಗೆ ಹಿಂಬಾಲಿಸಬೇಕು.

ಬೆಲೆ ಕುಸಿದಾಗ ಈ ಲೆಕ್ಕ ಇನ್ನಷ್ಟು ನೋವಿನ ಸಂಗತಿ ಹೇಳುತ್ತದೆ. 2023ರ ಜುಲೈನಲ್ಲಿ ಕೋಲಾರದ ಬಾಕ್ಸ್ 2000 ರೂಪಾಯಿ ದಾಟಿತ್ತು. ಅದೇ ಬಾಕ್ಸ್ 75 ರೂಪಾಯಿಗೆ ಇಳಿದರೆ? ಸಾಗಣೆ, ಹಮಾಲಿ, ಬಾಡಿಗೆಯ 25 ರೂಪಾಯಿ ಹಾಗೆಯೇ ಇರುತ್ತದೆ. ಕಮಿಷನ್ ಏಳೂವರೆಗೆ ಇಳಿಯುತ್ತದೆ, ಅಷ್ಟೇ. ರೈತನಿಗೆ ಉಳಿಯುವುದು ನಲವತ್ತೆರಡೂವರೆ ರೂಪಾಯಿ. ನಮ್ಮ 300ರ ಉದಾಹರಣೆಗೆ ಹೋಲಿಸಿದರೆ ಹರಾಜಿನ ಬೆಲೆ ಶೇ 75ರಷ್ಟು ಬಿದ್ದರೆ ರೈತನ ಕೈಯ ಹಣ ಶೇ 83ರಷ್ಟು ಬಿದ್ದಿದೆ. ಇದರಲ್ಲೇ ಕೀಳುವ ಕೂಲಿಯನ್ನೂ ಕೊಡಬೇಕು. ಟೊಮೆಟೊವನ್ನು ರಸ್ತೆ ಬದಿಗೆ ಸುರಿಯುವ ರೈತ ಸಿಟ್ಟಿನಿಂದಷ್ಟೇ ಸುರಿಯುವುದಿಲ್ಲ, ಮಂಡಿಗೆ ತಂದರೆ ಇನ್ನೂ ನಷ್ಟ ಎಂಬ ಲೆಕ್ಕ ಅವನ ಹಿಂದಿರುತ್ತದೆ.

ಹಾಗಾದರೆ ಕೊಂಡಿಗಳನ್ನೇ ಕಡಿಮೆ ಮಾಡಿದರೆ? 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ ಇಂದಿನ ಹಾಪ್‌ಕಾಮ್ಸ್ ಮಾಡಿದ್ದು ಅದನ್ನೇ. ರೈತರಿಂದ ನೇರವಾಗಿ ತೂಗಿಸಿಕೊಂಡು ತನ್ನದೇ ಮಳಿಗೆಗಳಲ್ಲಿ ಮಾರುತ್ತದೆ. ಮಾರ್ಗ ಗಿಡ್ಡವಾದಾಗ ರೈತನ ಪಾಲು ಹೆಚ್ಚಲು ದಾರಿಯಾಗುತ್ತದೆ. ಆದರೆ ಪಾಲನ್ನಷ್ಟೇ ನೋಡಿ ತೀರ್ಮಾನಿಸಬಾರದು. ಐದು ಬಾಕ್ಸ್ ಇರುವ ರೈತ ಸಂತೆಯಲ್ಲಿ ತಾನೇ ಕುಳಿತು ಮಾರಬಹುದು. ನೂರು ಬಾಕ್ಸ್ ಕಿತ್ತವನಿಗೆ ಅಷ್ಟನ್ನೂ ಒಂದೇ ಬೆಳಿಗ್ಗೆ ಕೊಳ್ಳುವ ಮಂಡಿಯೇ ಬೇಕು. ನೇರ ಮಾರಾಟದಲ್ಲಿ ಸಾಗಣೆ, ನಷ್ಟ, ದುಡಿಮೆ ಮಾಯವಾಗುವುದಿಲ್ಲ, ಅವು ರೈತನ ಹೆಗಲಿಗೇ ಬರುತ್ತವೆ. ಆ ದಿನದ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದ ಅಧ್ಯಯನಗಳು ನೇರ ಮಾರಾಟದ ಲಾಭವನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುತ್ತವೆ.

ನಮ್ಮ ಬಾಕ್ಸಿನಲ್ಲಿ ಸಗಟು ವ್ಯಾಪಾರಿಗೆ ದಕ್ಕಿದ್ದು 47 ರೂಪಾಯಿ, ಕೊಳೆತು ಹೋದದ್ದು 80. ದಲ್ಲಾಳಿಗಳ ಕಮಿಷನ್ ಮೇಲೆ ಕಣ್ಣಿಡುವುದು ಬೇಕೇ ಬೇಕು. ಅದರ ಜೊತೆಗೆ ಮಾರುಕಟ್ಟೆಯಲ್ಲಿ ನೆರಳಿನ ಚಾವಣಿ, ಹಣ್ಣು ಜಜ್ಜದಂತೆ ತುಂಬುವ ಕ್ರಮ, ಚಿಲ್ಲರೆ ವ್ಯಾಪಾರಿಗೆ ಸಂಜೆಯ ಮಾಲು ಕಾಪಾಡಿಕೊಳ್ಳುವ ವ್ಯವಸ್ಥೆ ಇವುಗಳಿಗೂ ಎಪಿಎಂಸಿಗಳು ಹಣ ತೆಗೆದಿಡಬೇಕು.